ನೀಲಿಯಾಗಲು ಎಷ್ಟು ಹೊತ್ತು?

ಬೀಕರಿನಲ್ಲಿ ನೀರಿನಷ್ಟೇ ತಿಳಿಯಾದ ದ್ರಾವಣ. ಅರ್ಧ ನಿಮಿಷ ಕಳೆದರೂ ಬಣ್ಣ ಬದಲಾಗುವುದಿಲ್ಲ. ಆಮೇಲೆ ರೆಪ್ಪೆ ಮಿಟುಕಿಸುವಷ್ಟರಲ್ಲಿ ಇಡೀ ಬೀಕರ್ ಕಡುನೀಲಿ! ಇದೇ ಅಯೋಡಿನ್ ಗಡಿಯಾರ. ಹ್ಯಾನ್ಸ್ ಲ್ಯಾಂಡೋಲ್ಟ್ ಎಂಬ ರಸಾಯನ ವಿಜ್ಞಾನಿ 1886ರಲ್ಲಿ ಇದರ ಒಂದು ಬಗೆಯನ್ನು ವರದಿ ಮಾಡಿದ. ಇಲ್ಲಿ ನೋಡುವುದು ಹೈಡ್ರೋಜನ್ ಪೆರಾಕ್ಸೈಡ್ ಬಳಸುವ ಇನ್ನೊಂದು ಬಗೆಯನ್ನು.

ನೋಡುವವರಿಗೆ ಕ್ರಿಯೆ ಕೊನೆಯ ಗಳಿಗೆಯಲ್ಲಿ ನಡೆದಂತೆ ಕಾಣುತ್ತದೆ. ನಿಜವಾಗಿ ಅದು ಮೊದಲ ಕ್ಷಣದಿಂದಲೇ ನಡೆಯುತ್ತಿರುತ್ತದೆ. ಆಮ್ಲ ಬೆರೆತ ದ್ರಾವಣದಲ್ಲಿ ಪೆರಾಕ್ಸೈಡು ಅಯೋಡೈಡನ್ನು ನಿಧಾನವಾಗಿ ಅಯೋಡಿನ್ ಆಗಿಸುತ್ತದೆ. ಅಲ್ಲೇ ಇರುವ ಒಂದಿಷ್ಟು ಸೋಡಿಯಂ ಥಯೋಸಲ್ಫೇಟ್, ಹುಟ್ಟಿದ ಅಯೋಡಿನ್ನನ್ನು ಹುಟ್ಟಿದ ಕೂಡಲೇ ಮತ್ತೆ ಅಯೋಡೈಡ್ ಮಾಡಿಬಿಡುತ್ತದೆ. ಥಯೋಸಲ್ಫೇಟ್ ಮುಗಿದ ಮೇಲೆ ಉಳಿಯುವ ಅಯೋಡಿನ್ ಪಿಷ್ಟದೊಡನೆ ಸೇರಿ ನೀಲಿ ಬಣ್ಣ ತಾಳುತ್ತದೆ. ಅಂದರೆ ನಾವು ಅಳೆಯುವುದು ಗೊತ್ತಾದ ಪ್ರಮಾಣದ ಅಯೋಡಿನ್ ತಯಾರಾಗಲು ಹಿಡಿದ ಕಾಲವನ್ನು. ಕಾಲ ಅರ್ಧವಾದರೆ ವೇಗ ಎರಡರಷ್ಟು.

ಮೊದಲ ಬೀಕರಿಗೆ 20 ಮಿಲಿಲೀಟರ್ ಪೊಟ್ಯಾಸಿಯಂ ಅಯೋಡೈಡ್ ದ್ರಾವಣ ಹಾಕಿ. ಎರಡನೆಯದಕ್ಕೆ ಅದೇ ದ್ರಾವಣ 10, ನೀರು 10. ಆಮ್ಲ, ಪಿಷ್ಟ, ಥಯೋಸಲ್ಫೇಟ್ ಎರಡಕ್ಕೂ ಸಮ. ಕೊನೆಗೆ ಪೆರಾಕ್ಸೈಡ್ ಸುರಿದ ಕ್ಷಣವೇ ಸ್ಟಾಪ್‌ವಾಚ್ ಒತ್ತಬೇಕು. ಮೊದಲನೆಯದು 40 ಸೆಕೆಂಡಿಗೆ ನೀಲಿಯಾದರೆ ಎರಡನೆಯದಕ್ಕೆ ಸುಮಾರು 80 ಸೆಕೆಂಡು ಬೇಕು. ಆ 10 ಮಿಲಿಲೀಟರ್ ನೀರನ್ನು ಮರೆತರೆ ಒಟ್ಟು ಗಾತ್ರ ಕುಗ್ಗಿ ಉಳಿದೆಲ್ಲ ದ್ರವ್ಯಗಳ ಸಾರತೆಯೂ ಏರಿಬಿಡುತ್ತದೆ, ಲೆಕ್ಕ ಕೆಡುತ್ತದೆ. ಥಯೋಸಲ್ಫೇಟನ್ನು ಹೆಚ್ಚಿಸಿದರೂ ನೀಲಿ ತಡವಾಗಿ ಬರುತ್ತದೆ. ಆದರೆ ಅದು ಕ್ರಿಯೆ ನಿಧಾನವಾದದ್ದರಿಂದಲ್ಲ. ಗುರಿ ದೂರ ಸರಿದದ್ದರಿಂದ. ಪೆರಾಕ್ಸೈಡಿಗೆ ಹೋಲಿಸಿದರೆ ಥಯೋಸಲ್ಫೇಟ್ ತೀರಾ ಕಡಿಮೆ ಇರಬೇಕು, ಇಲ್ಲದಿದ್ದರೆ ಕಾಯುವಷ್ಟರಲ್ಲೇ ಪೆರಾಕ್ಸೈಡ್ ಕರಗುತ್ತ ಹೋಗಿ ವೇಗ ಇಳಿಯುತ್ತದೆ. ಎಷ್ಟು ಕಾದರೂ ನೀಲಿ ಬಾರದಿದ್ದರೆ ಬಾಟಲಿಯ ಪೆರಾಕ್ಸೈಡ್ ಹಳತಾಗಿ ಸತ್ವ ಕಳೆದುಕೊಂಡಿದೆಯೇ ಎಂದು ಮೊದಲು ನೋಡಿ.

ತಾಪದ ಪಾಠ ಇನ್ನೂ ಸ್ವಾರಸ್ಯದ್ದು. ಎರಡೂ ದ್ರಾವಣಗಳನ್ನು ಬೆರೆಸುವ ಮೊದಲೇ ಬಿಸಿನೀರಿನ ತೊಟ್ಟಿಯಲ್ಲಿಟ್ಟು 25 ಡಿಗ್ರಿಯಿಂದ 35ಕ್ಕೆ ತಂದರೆ, ಕಾಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಣುಗಳು ವೇಗವಾಗಿ ಓಡಿ ಹೆಚ್ಚು ಸಲ ಡಿಕ್ಕಿ ಹೊಡೆಯುತ್ತವೆ ಎಂಬುದು ಎಲ್ಲರೂ ಕೊಡುವ ಉತ್ತರ. ಅಷ್ಟೇ ಸಾಲದು: ಹತ್ತು ಡಿಗ್ರಿ ಏರಿದರೆ ಅಣುಗಳ ಸರಾಸರಿ ವೇಗ ಹೆಚ್ಚುವುದು ಶೇ. 2ಕ್ಕಿಂತ ಕಡಿಮೆ. ಡಿಕ್ಕಿ ಹೊಡೆದ ಅಣುಗಳೆಲ್ಲ ಕ್ರಿಯೆಗೆ ಇಳಿಯುವುದಿಲ್ಲ. ಹಳೆಯ ಬಂಧ ಸಡಿಲಿಸುವಷ್ಟು ಶಕ್ತಿ ಇರುವ ಡಿಕ್ಕಿ ಬೇಕು. ಅಂಥ ಡಿಕ್ಕಿಗಳು ಎಂದಿಗೂ ವಿರಳವೇ. ಸ್ವಲ್ಪ ತಾಪ ಏರಿದರೂ ಅವುಗಳ ಸಂಖ್ಯೆ ಬಹಳ ಜಾಸ್ತಿಯಾಗುತ್ತದೆ.

ಹಾಗೆಂದು ಕಾಯಿಸುತ್ತ ಹೋಗುವಂತಿಲ್ಲ. ಬಿಸಿ ಹೆಚ್ಚಿದಂತೆ ಪಿಷ್ಟ ಅಯೋಡಿನ್ನನ್ನು ಬಿಟ್ಟುಕೊಟ್ಟು ನೀಲಿ ಮಂಕಾಗುತ್ತದೆ. ಆಗ ಯಾವ ಕ್ಷಣಕ್ಕೆ ಸ್ಟಾಪ್‌ವಾಚ್ ನಿಲ್ಲಿಸಬೇಕೆಂದೇ ತಿಳಿಯುವುದಿಲ್ಲ.