ನಿಮಗಿದು ಗೊತ್ತೇ? ಇಂಡೆಕ್ಸ್ ಒಂದು, ಬಹುವಚನ ಎರಡು

ಇಂಗ್ಲಿಷಿನ ಇಂಡೆಕ್ಸ್ ಪದಕ್ಕೆ ಎರಡು ಬಹುವಚನಗಳಿವೆ. ಒಂದು ಇಂಡೆಕ್ಸಸ್, ಇನ್ನೊಂದು ಲ್ಯಾಟಿನ್ನಿನಿಂದ ಹಾಗೇ ಬಂದ ಇಂಡಿಸೀಸ್. ಎರಡೂ ಸರಿಯೇ, ಆದರೆ ಬಳಕೆಯ ಜಾಗ ಬೇರೆ. ಯಾವುದನ್ನು ಎಲ್ಲಿ ಬರೆಯಬೇಕೆಂದು ತಿಳಿಯಲು ಕನ್ನಡಿಗರಿಗೆ ಒಂದು ಸುಲಭದ ದಾರಿಯಿದೆ. ಆ ಜಾಗದಲ್ಲಿ ಕನ್ನಡದಲ್ಲಿ ಏನನ್ನುತ್ತೇವೆ ಎಂದು ಕೇಳಿಕೊಳ್ಳಿ. ಪುಸ್ತಕದ ಕೊನೆಯ ‘ಪದಸೂಚಿ’ ಎಂದಾದರೆ ಇಂಡೆಕ್ಸಸ್. ಷೇರುಪೇಟೆಯ ‘ಸೂಚ್ಯಂಕ’ ಅಥವಾ ಬೀಜಗಣಿತದ ‘ಘಾತಾಂಕ’ ಎಂದಾದರೆ ಇಂಡಿಸೀಸ್. ಸೆನ್ಸೆಕ್ಸ್, ನಿಫ್ಟಿ ಎರಡನ್ನೂ ಒಟ್ಟಿಗೆ ಹೇಳುವಾಗ ನಮ್ಮ ಇಂಗ್ಲಿಷ್ ಪತ್ರಿಕೆಗಳು ಬಳಸುವುದು ಸಾಮಾನ್ಯವಾಗಿ ಇದನ್ನೇ. ಅಮೆರಿಕದ ಪತ್ರಿಕೆಗಳಲ್ಲಿ ಷೇರುಪೇಟೆಗೂ ಇಂಡೆಕ್ಸಸ್ ಎಂದಿದ್ದರೆ ಅದು ತಪ್ಪಲ್ಲ, ಅಲ್ಲಿಯ ರೂಢಿ.

ಲ್ಯಾಟಿನ್ನಿನಲ್ಲಿ ಇಂಡೆಕ್ಸ್ ಎಂದರೆ ತೋರಿಸುವವನು. ತೋರುಬೆರಳಿಗೂ ಅದೇ ಹೆಸರು.

ಅಪೆಂಡಿಕ್ಸ್ ಕಥೆಯೂ ಹೀಗೆಯೇ, ಆದರೆ ತಿರುವುಮುರುವು. ಇಲ್ಲಿ ಪುಸ್ತಕದ ಅನುಬಂಧಗಳಿಗೆ ಅಪೆಂಡಿಸೀಸ್, ವೈದ್ಯರು ಕತ್ತರಿಸಿ ತೆಗೆಯುವ ಅಂಗಕ್ಕೆ ಹೆಚ್ಚಾಗಿ ಅಪೆಂಡಿಕ್ಸಸ್.

ತ್ರಿಕೋನದ ಮೂರು ಶೃಂಗಗಳು ವರ್ಟಿಸೀಸ್. ಹಾಗಾದರೆ ಒಂದು ಶೃಂಗ? ಎಷ್ಟೋ ವಿದ್ಯಾರ್ಥಿಗಳು ಕೊನೆಯ ‘ಸ್’ ತೆಗೆದು ‘ವರ್ಟಿಸಿ’ ಎಂದುಬಿಡುತ್ತಾರೆ. ಅಂಥ ಪದವೇ ಇಲ್ಲ, ಅದು ವರ್ಟೆಕ್ಸ್. ಮೇಟ್ರಿಸೀಸ್‌ನಿಂದ ‘ಮೇಟ್ರಿಸಿ’ ಹುಟ್ಟಿಸುವುದೂ ಇದೇ ತಪ್ಪು, ಏಕವಚನ ಮೇಟ್ರಿಕ್ಸ್.

ಫಿನಾಮಿನನ್ ಗ್ರೀಕ್ ಮೂಲದ್ದು. ಒಂದು ವಿದ್ಯಮಾನವಾದರೆ ಫಿನಾಮಿನನ್, ಹಲವಾದರೆ ಫಿನಾಮಿನಾ. ಕ್ರೈಟೀರಿಯನ್, ಕ್ರೈಟೀರಿಯಾ ಜೋಡಿಯದೂ ಇದೇ ನಿಯಮ. ಇಲ್ಲಿ ಇಂಡೆಕ್ಸಿನಂತೆ ಆಯ್ಕೆಯಿಲ್ಲ. ‘ದಿಸ್ ಫಿನಾಮಿನಾ ಈಸ್ ರೇರ್’ ಎಂದು ಪ್ರಬಂಧದಲ್ಲಿ ಕಂಡರೆ ಮೊದಲು ಬರೆದವರ ಮನಸ್ಸಿನಲ್ಲಿದ್ದುದು ಒಂದೋ ಹಲವೋ ನೋಡಬೇಕು. ಗ್ರಹಣವೊಂದರ ಮಾತಾದರೆ ಫಿನಾಮಿನಾವನ್ನು ಫಿನಾಮಿನನ್ ಮಾಡಿದರೆ ಸಾಕು. ಗ್ರಹಣ, ಧೂಮಕೇತು ಎರಡರ ಮಾತಾದರೆ ಫಿನಾಮಿನಾವನ್ನು ಹಾಗೇ ಬಿಟ್ಟು ‘ದೀಸ್’, ‘ಆರ್’ ಹಾಕಬೇಕು. ‘ಫಿನಾಮಿನಾಸ್’ ಎಂದು ಬರೆದವರಂತೂ ಬಹುವಚನಕ್ಕೆ ಮತ್ತೊಂದು ಬಹುವಚನ ಅಂಟಿಸಿದ್ದಾರೆ.

ಬಹುವಚನಕ್ಕೆ ‘ಈಸ್’ ಹಾಕುವುದಕ್ಕೊಂದು ತಮಾಷೆಯ ಹಿನ್ನೆಲೆಯಿದೆ. ಹಳೆಯ ಗ್ರೀಕಿನಲ್ಲಿ ನಪುಂಸಕಲಿಂಗದ ಬಹುವಚನಕ್ಕೆ ಕ್ರಿಯಾಪದ ಸಾಮಾನ್ಯವಾಗಿ ಏಕವಚನದಲ್ಲೇ ಬರುತ್ತಿತ್ತು. ನಾವು ‘ಗಾಳಿಗೆ ಎರಡು ಮರ ಬಿತ್ತು’ ಎನ್ನುತ್ತೇವಲ್ಲ, ಹಾಗೆ. ಅಂದರೆ ‘ಫಿನಾಮಿನಾ ಈಸ್’ ಅಥೆನ್ಸಿನಲ್ಲಿ ನಡೆದೀತು, ಇಂಗ್ಲಿಷ್ ಪರೀಕ್ಷೆಯಲ್ಲಿ ನಡೆಯದು.

‘ಅನ್’ ಎಂದು ಮುಗಿದದ್ದೆಲ್ಲ ‘ಆ’ ಆಗುತ್ತದೆಂದು ನಂಬಿದರೂ ಕೆಟ್ಟಿರಿ. ಎಲೆಕ್ಟ್ರಾನ್ ಎಂಬ ಹೆಸರನ್ನು ಜಾರ್ಜ್ ಜಾನ್‌ಸ್ಟೋನ್ ಸ್ಟೋನಿ 1891ರಲ್ಲಿ ಇಟ್ಟರು. ಹೊಸದಾಗಿ ಕಟ್ಟಿದ ಪದ, ಹಾಗಾಗಿ ಬಹುವಚನ ಸೀದಾ ಎಲೆಕ್ಟ್ರಾನ್ಸ್. ಪ್ರೋಟಾನ್, ನ್ಯೂಟ್ರಾನ್ ಕೂಡ ಅದೇ ಹಾದಿ.

ಅಜೆಂಡಾ ಹುಟ್ಟಿನಿಂದ ಬಹುವಚನ, ‘ಮಾಡಬೇಕಾದವು’ ಎಂಬರ್ಥ. ಈಗ ಅದು ಪೂರ್ತಿ ಏಕವಚನವಾಗಿ ಅಜೆಂಡಾಸ್ ಎಂದರೂ ಯಾರೂ ಹುಬ್ಬೇರಿಸುವುದಿಲ್ಲ. ಬ್ಯಾಕ್ಟೀರಿಯಾ ಇಂಗ್ಲಿಷಿನಲ್ಲಿ ಇನ್ನೂ ಬಹುವಚನ, ಅದರ ಒಂಟಿ ಜೀವಿ ಬ್ಯಾಕ್ಟೀರಿಯಮ್. ಕನ್ನಡ ಮಾತ್ರ ಬಹುವಚನವನ್ನೇ ಎರವಲು ತಂದು, ಏಕವಚನವೆಂದು ಭಾವಿಸಿ, ‘ಬ್ಯಾಕ್ಟೀರಿಯಾಗಳು’ ಎಂದಿತು. ಕನ್ನಡದಲ್ಲಿ ಅದು ಸರಿ, ಬಂದ ಪದ ನಮ್ಮ ವ್ಯಾಕರಣಕ್ಕೆ ತಲೆಬಾಗಲೇಬೇಕು.

ಆಕ್ಟೋಪಸ್ಸನ್ನು ‘ಆಕ್ಟೋಪೈ’ ಮಾಡುವವರು ಅದನ್ನು ಲ್ಯಾಟಿನ್ ಎಂದುಕೊಂಡಿರುತ್ತಾರೆ. ಮೂಲ ಗ್ರೀಕ್, ಅಲ್ಲಿಯ ಬಹುವಚನ ಆಕ್ಟೋಪೊಡೀಸ್. ಆಕ್ಟೋಪಸಸ್ ಎಂದರೆ ಜಗಳವಿಲ್ಲ. ನಿಜಕ್ಕೂ ಲ್ಯಾಟಿನ್ ಮೂಲದ್ದೆಂದರೆ ನಾವು ಹತ್ತುವ ಬಸ್ಸು, ಅದು ‘ಎಲ್ಲರಿಗಾಗಿ’ ಎಂಬರ್ಥದ ಆಮ್ನಿಬಸ್‌ನ ಬಾಲ. ಆ ‘ಬಸ್’ ಲ್ಯಾಟಿನ್ನಿನಲ್ಲಿ ಬಹುವಚನದ ಚತುರ್ಥಿ ವಿಭಕ್ತಿಯ ಪ್ರತ್ಯಯ!

ಇವೆಲ್ಲಕ್ಕಿಂತ ವಿಚಿತ್ರ ಹುಟ್ಟು ಸಿಲಬಸ್ಸಿನದು. ರೋಮಿನ ಸಿಸೆರೊ ತನ್ನ ಗೆಳೆಯ ಅಟಿಕಸ್‌ಗೆ ಬರೆದ ಪತ್ರಗಳಲ್ಲಿ ಗ್ರಂಥದ ಸುರುಳಿಗೆ ಕಟ್ಟುವ ಹೆಸರುಚೀಟಿಗಳಿಗೆ ‘ಸಿಟಿಬಾಸ್’ ಎಂಬ ಗ್ರೀಕ್ ಪದ ಬಳಸಿದ್ದ. 15ನೇ ಶತಮಾನದ ಮುದ್ರಿತ ಪ್ರತಿಗಳಲ್ಲಿ ಅದು ‘ಸಿಲಬೋಸ್’ ಆಗಿಹೋಯಿತು. ಆ ಅಚ್ಚಿನ ತಪ್ಪೇ ಬೆಳೆದು ಇಂದಿನ ಪಠ್ಯಕ್ರಮವಾಗಿದೆ. ಇಲ್ಲದ ಪದಕ್ಕೆ ಶುದ್ಧ ಲ್ಯಾಟಿನ್ ಬಹುವಚನ ಎಲ್ಲಿಂದ ಬರಬೇಕು? ನಿಘಂಟುಗಳು ಸಿಲಬೈ, ಸಿಲಬಸಸ್ ಎರಡನ್ನೂ ಒಪ್ಪುತ್ತವೆ. ನಿಮಗೆ ಇಷ್ಟವಾದುದನ್ನು ಬರೆಯಿರಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.