ಸೋಮವಾರಕ್ಕೆ ಸೋಮವಾರವೇ ಸಾಟಿ

ಬಿಲ್ಲಿಂಗ್ ಆಪ್ ಇಲ್ಲದ ಹೋಟೆಲು, ಔಷಧಿ ಅಂಗಡಿ ಈಗ ನಗರಗಳಲ್ಲಿ ಅಪರೂಪ. ಆಪ್ ತೆರೆದ ಕೂಡಲೇ ಮೇಲ್ಭಾಗದಲ್ಲಿ ಮೂರು ನಾಲ್ಕು ಚೌಕಗಳು ಕಾಣುತ್ತವೆ. ಇಂದಿನ ಮಾರಾಟ, ಇಂದಿನ ಬಿಲ್ಲುಗಳು, ಹೊಸ ಗಿರಾಕಿಗಳು ಎಂದು ಒಂದೊಂದಕ್ಕೆ ಒಂದೊಂದು ಹೆಸರು. ಇವನ್ನು ಕಾರ್ಡ್ ಎನ್ನುತ್ತಾರೆ. ನಡುವೆ ದೊಡ್ಡ ಅಂಕಿ, ಅದರ ಕೆಳಗೆ ಹಸಿರು ಅಥವಾ ಕೆಂಪು ಬಾಣ, ಪಕ್ಕದಲ್ಲಿ ‘ನಿನ್ನೆಗಿಂತ ಶೇ. ಇಷ್ಟು ಹೆಚ್ಚು’ ಎಂಬ ಸಾಲು. ಕೆಲವು ನಿಮಿಷಕ್ಕೊಮ್ಮೆ ಅಂಕಿ ತಾನಾಗಿಯೇ ಬದಲಾಗುತ್ತದೆ. ಮಾಲೀಕರ ಕಣ್ಣು ಮೊದಲು ಹೋಗುವುದು ಅಂಕಿಯ ಮೇಲಲ್ಲ, ಬಾಣದ ಮೇಲೆ. ಆ ಬಾಣ ತಪ್ಪು ಹೇಳುವುದು ಎಷ್ಟು ಸುಲಭ ಎಂಬುದಕ್ಕೆ ಒಂದು ಲೆಕ್ಕ ಹಾಕಿ ನೋಡೋಣ.

ಕಚೇರಿಗಳೇ ಹೆಚ್ಚಿರುವ ಬೀದಿಯಲ್ಲಿ ಒಂದು ದರ್ಶಿನಿ ಇದೆ ಎಂದುಕೊಳ್ಳಿ. ಶನಿವಾರ 255 ಬಿಲ್, ಭಾನುವಾರ 178, ಸೋಮವಾರ 352. ಸೋಮವಾರ ರಾತ್ರಿ ಕಾರ್ಡಿನಲ್ಲಿ ಹಸಿರು ಬಾಣ: ನಿನ್ನೆಗಿಂತ ಶೇ. 98ರಷ್ಟು ಹೆಚ್ಚು. ಆದರೆ ಇದೇ ದರ್ಶಿನಿಯ ಹಿಂದಿನ ಐದು ಸೋಮವಾರಗಳ ಲೆಕ್ಕ 402, 418, 395, 425, 410. ಸರಾಸರಿ 410. ಅದರ ಮುಂದೆ 352 ಎಂದರೆ ಶೇ. 14ರಷ್ಟು ಇಳಿಕೆ. ಬೆಳಿಗ್ಗೆ ಇಡ್ಲಿ ಬೇಗ ಖಾಲಿಯಾಯಿತೋ, ಪಕ್ಕದಲ್ಲಿ ಹೊಸ ಹೋಟೆಲು ತೆರೆಯಿತೋ, ಏನೋ ಒಂದು ಆಗಿದೆ. ವಿಚಾರಿಸಬೇಕಾದ ದಿನವೇ ಕಾರ್ಡು ಹಬ್ಬ ಮಾಡಿದೆ. ಭಾನುವಾರದ ಕಥೆ ಇದಕ್ಕೆ ಉಲ್ಟಾ. ಶನಿವಾರಕ್ಕಿಂತ ಶೇ. 30 ಕಡಿಮೆ ಎಂದು ಅಂದು ಕೆಂಪು ಬಾಣ ಬಿದ್ದಿತ್ತು. ಹಿಂದಿನ ಭಾನುವಾರಗಳ ಸರಾಸರಿ 170 ಆಗಿದ್ದರೆ, 178 ಬಿಲ್ಲಿನ ಆ ಭಾನುವಾರ ನಿಜಕ್ಕೂ ಚೆನ್ನಾಗಿಯೇ ನಡೆದಿತ್ತು.

ನಮ್ಮ ಸಂತೆ ಊರುಗಳ ವ್ಯಾಪಾರಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಂಗಳವಾರ ಸಂತೆ ನಡೆಯುವ ಊರಿನಲ್ಲಿ ಮಂಗಳವಾರದ ಗಲ್ಲಾಪೆಟ್ಟಿಗೆಯನ್ನು ಸೋಮವಾರದ ಜೊತೆ ಯಾರೂ ತೂಗುವುದಿಲ್ಲ. ‘ಹೋದ ಸಂತೆಗೆ ಹೋಲಿಸಿದರೆ ಹೇಗಿತ್ತು’ ಎಂದೇ ಕೇಳುತ್ತಾರೆ. ವಾರಕ್ಕೆ ಒಂದು ತಾಳವಿದೆ, ನಿನ್ನೆ ಮತ್ತು ಇಂದು ಆ ತಾಳದ ಬೇರೆ ಬೇರೆ ಪೆಟ್ಟುಗಳು. ಆಪ್ ತಯಾರಿಸುವವರು ಇದನ್ನು ಬಿಟ್ಟದ್ದು ಅರಿವಿಲ್ಲದೆ ಅಂತೇನಲ್ಲ. ನಿನ್ನೆಯ ಅಂಕಿ ಸುಲಭವಾಗಿ ಕೈಗೆ ಸಿಗುತ್ತದೆ, ಅಂಗಡಿ ತೆರೆದ ಎರಡನೆಯ ದಿನದಿಂದಲೇ ತೋರಿಸಬಹುದು. ವಾರದ ಅದೇ ದಿನದ ಸರಾಸರಿ ಬೇಕೆಂದರೆ ಕೆಲವು ವಾರ ಕಾಯಬೇಕು.

ಈ ಲೆಕ್ಕವನ್ನು ಇಡೀ ಜಗತ್ತಿಗೆ ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ಕೋವಿಡ್ ಕಾಲದಲ್ಲಿ ಗೂಗಲ್ ಹೊರತಂದ ಸಂಚಾರ ವರದಿಗಳು. 2020ರ ಏಪ್ರಿಲ್‌ನಲ್ಲಿ ಆರಂಭವಾದ ಈ ವರದಿಗಳು ದಿನಸಿ ಅಂಗಡಿ, ಉದ್ಯಾನ, ಬಸ್ಸು–ರೈಲು ನಿಲ್ದಾಣ, ಕೆಲಸದ ಸ್ಥಳ ಮೊದಲಾದೆಡೆ ಜನರ ಓಡಾಟ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ದಿನಕ್ಕೊಂದು ಶೇಕಡಾವಾರು ಅಂಕಿ ಕೊಡುತ್ತಿದ್ದವು. ಕರ್ನಾಟಕದ ಅಂಕಿಗಳೂ ಅದರಲ್ಲಿದ್ದವು. ಆ ಶೇಕಡಾವಾರು ಯಾವುದರ ಮೇಲೆ? ನಿನ್ನೆಯ ಮೇಲಲ್ಲ. 2020ರ ಜನವರಿ 3ರಿಂದ ಫೆಬ್ರುವರಿ 6ರವರೆಗಿನ ಐದು ವಾರಗಳನ್ನು ತೆಗೆದುಕೊಂಡು, ವಾರದ ಪ್ರತಿ ದಿನಕ್ಕೂ ಬೇರೆ ಬೇರೆ ಆಧಾರ ಅಂಕಿ ಮಾಡಿದ್ದರು. ಬುಧವಾರದ ಓಡಾಟವನ್ನು ಆ ಐದು ಬುಧವಾರಗಳ ಜೊತೆ ಮಾತ್ರ ಹೋಲಿಸುತ್ತಿದ್ದರು.

ಆ ಬುಧವಾರಗಳನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಜನವರಿ 8, 15, 22, 29 ಮತ್ತು ಫೆಬ್ರುವರಿ 5. ಜನವರಿ 8ರಂದು ಕಾರ್ಮಿಕ ಸಂಘಟನೆಗಳು ಕರೆ ಕೊಟ್ಟಿದ್ದ ಭಾರತ ಬಂದ್. ಜನವರಿ 15 ಮಕರ ಸಂಕ್ರಾಂತಿ. ಐದರಲ್ಲಿ ಎರಡು ಬುಧವಾರಗಳು ನಮ್ಮ ದೇಶದ ಮಟ್ಟಿಗೆ ಮಾಮೂಲಿ ದಿನಗಳಲ್ಲ. ಐದನ್ನೂ ಕೂಡಿ ಭಾಗಿಸಿದರೆ ಆ ಎರಡು ದಿನಗಳ ಖಾಲಿತನ ಸರಾಸರಿಯೊಳಗೆ ಸೇರಿಕೊಂಡು, ಮುಂದಿನ ಎಲ್ಲ ಬುಧವಾರಗಳನ್ನೂ ಇದ್ದುದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಗೂಗಲ್ ಬಳಸಿದ್ದು ಸರಾಸರಿಯನ್ನಲ್ಲ, ಮಧ್ಯಾಂಕವನ್ನು. ಐದು ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಮೂರನೆಯದನ್ನು ಆರಿಸಿಕೊಳ್ಳುವುದು ಅದರ ಕ್ರಮ. ಬಂದ್ ದಿನವೂ ಹಬ್ಬದ ದಿನವೂ ತೀರಾ ಕೆಳಗಿದ್ದರೆ ಮೊದಲ ಎರಡು ಸ್ಥಾನಕ್ಕೆ ಸರಿಯುತ್ತವೆ, ಮೂರನೆಯದು ಒಂದು ಮಾಮೂಲಿ ಬುಧವಾರವೇ ಆಗಿರುತ್ತದೆ. ಶಾಲೆಯಲ್ಲಿ ಅಂಕಕ್ಕಾಗಿ ಕಲಿತು ಮರೆತ ಮಧ್ಯಾಂಕ ಎಷ್ಟು ಗಟ್ಟಿ ಆಸಾಮಿ ಎಂಬುದು ಇಂಥ ಕಡೆ ಗೊತ್ತಾಗುತ್ತದೆ.

ಆ ವರದಿಗಳ ಜೊತೆ ಒಂದು ಎಚ್ಚರಿಕೆಯೂ ಇರುತ್ತಿತ್ತು: ಒಂದು ದಿನದ ಶೇಕಡಾವಾರನ್ನು ಮರುದಿನದ್ದಕ್ಕೆ ಹೋಲಿಸಬೇಡಿ, ಅದರಲ್ಲೂ ವಾರಾಂತ್ಯವನ್ನು ಕೆಲಸದ ದಿನಗಳಿಗೆ ಹೋಲಿಸಬೇಡಿ. ಕಾರಣ ಸರಳ. ಕೆಲಸದ ಸ್ಥಳಗಳಲ್ಲಿ ಭಾನುವಾರ ಮೊದಲೇ ಜನ ಕಡಿಮೆ. ಭಾನುವಾರದ ಶೇ. 40 ಇಳಿಕೆಯೂ ಸೋಮವಾರದ ಶೇ. 40 ಇಳಿಕೆಯೂ ಬೇರೆ ಬೇರೆ ಸಂಖ್ಯೆಯ ಜನ. ದರ್ಶಿನಿಯ ಕಾರ್ಡಿಗೂ ಇದು ಅನ್ವಯಿಸುತ್ತದೆ. ಭಾನುವಾರ ಶೇ. 10 ಏರಿಕೆ ಎಂದರೆ ಹದಿನೇಳು ಬಿಲ್ಲು, ಸೋಮವಾರದ ಶೇ. 10 ಎಂದರೆ ನಲವತ್ತೊಂದು. ಆದ್ದರಿಂದ ಶೇಕಡಾವಾರಿನ ಪಕ್ಕದಲ್ಲಿ ‘ಸಾಮಾನ್ಯವಾಗಿ 410’ ಎಂಬ ಮೂಲ ಅಂಕಿಯೂ ಕಾಣಲೇಬೇಕು ಎಂಬುದು ನನ್ನ ಅಭಿಪ್ರಾಯ.

ಗೂಗಲ್‌ನ ಆಧಾರ ಒಂದೇ ಕಡೆ ನೆಟ್ಟ ಗೂಟ. 2022ರಲ್ಲಿ ವರದಿ ನಿಲ್ಲುವವರೆಗೂ ಅದು 2020ರ ಆ ಐದು ವಾರಗಳಲ್ಲೇ ಇತ್ತು. ಸಾಂಕ್ರಾಮಿಕದ ಮುಂಚಿನ ಬದುಕಿಗೆ ಹೋಲಿಸುವುದೇ ಉದ್ದೇಶವಾಗಿದ್ದರಿಂದ ಅಲ್ಲಿ ಅದು ಸರಿ. ಅಂಗಡಿಯ ಕಾರ್ಡಿಗೆ ಅದು ಒಗ್ಗುವುದಿಲ್ಲ, ಇಲ್ಲಿ ಆಧಾರ ನಮ್ಮ ಜೊತೆಯಲ್ಲೇ ಮುಂದೆ ಸರಿಯಬೇಕು. ದಿನದ ಲೆಕ್ಕವನ್ನು ಗೂಗಲ್ ಶೀಟ್ಸ್‌ನಲ್ಲಿ ಇಡುವವರು ಇದನ್ನು ಒಂದೇ ಸಾಲಿನಲ್ಲಿ ಮಾಡಿಕೊಳ್ಳಬಹುದು. A ಕಾಲಂನಲ್ಲಿ ದಿನಾಂಕ, B ಕಾಲಂನಲ್ಲಿ ಬಿಲ್ಲುಗಳ ಸಂಖ್ಯೆ, C ಕಾಲಂನಲ್ಲಿ `=WEEKDAY(A2)` ಎಂಬ ವಾರದ ಗುರುತು ಇದ್ದರೆ, ಹಿಂದಿನ ಐದು ವಾರಗಳಲ್ಲಿ ಇದೇ ವಾರದ ದಿನದ ಮಧ್ಯಾಂಕ ಹೀಗೆ ಸಿಗುತ್ತದೆ:

```
=MEDIAN(FILTER(B2:B400, C2:C400=WEEKDAY(TODAY()),
 A2:A400<TODAY(), A2:A400>=TODAY()-35))
```

ಸರಾಸರಿಯೇ ಬೇಕೆಂದರೆ `MEDIAN` ಜಾಗದಲ್ಲಿ `AVERAGE` ಬರೆದರಾಯಿತು. ‘ಇಂದಿಗಿಂತ ಮುಂಚೆ’ ಎಂಬ ಷರತ್ತನ್ನು ಮಾತ್ರ ಮರೆಯಬಾರದು. ಮರೆತರೆ ಇಂದಿನ ಅರ್ಧಂಬರ್ಧ ಅಂಕಿ ತನ್ನನ್ನೇ ಅಳೆಯುವ ಕೋಲಿನೊಳಗೆ ಸೇರಿಬಿಡುತ್ತದೆ.

ಸರಿಯುವ ಆಧಾರಕ್ಕೂ ಒಂದು ಓರೆ ಇದೆ. ಐದು ವಾರಗಳ ನಡುಬಿಂದು ಇಂದಿನಿಂದ ಮೂರು ವಾರ ಹಿಂದೆ ಇರುತ್ತದೆ. ವಾರಕ್ಕೆ ಶೇ. 2ರಂತೆ ಬೆಳೆಯುತ್ತಿರುವ ಅಂಗಡಿಯ ಕಾರ್ಡು ಏನೂ ವಿಶೇಷವಿಲ್ಲದ ದಿನವೂ ಸುಮಾರು ಶೇ. 6 ಹಸಿರು ತೋರಿಸುತ್ತದೆ. ಎಲ್ಲ ದಿನವೂ ಒಂದೇ ಬಣ್ಣ ಕಾಣುತ್ತಿದ್ದರೆ ಅದು ಇಂದಿನ ಸುದ್ದಿಯಲ್ಲ, ತಿಂಗಳಿನ ಸುದ್ದಿ ಎಂದು ಓದಿಕೊಳ್ಳಬೇಕು.

ಇನ್ನು ಕಾರ್ಡು ಕೆಲವು ನಿಮಿಷಕ್ಕೊಮ್ಮೆ ಹೊಸದಾಗುವ ವಿಷಯ. ಅತಿ ಹೆಚ್ಚು ಗೊಂದಲ ಆಗುವುದು ಇಲ್ಲೇ. ಸೋಮವಾರ ಬೆಳಿಗ್ಗೆ 11 ಗಂಟೆಗೆ ದರ್ಶಿನಿಯಲ್ಲಿ 160 ಬಿಲ್ ಆಗಿದೆ. ಕಾರ್ಡು ಇದನ್ನು ಇಡೀ ಸೋಮವಾರದ 410ರ ಜೊತೆ ಹೋಲಿಸಿದರೆ ಶೇ. 61 ಇಳಿಕೆ ಎಂದು ಕೆಂಪಗೆ ಬರೆಯುತ್ತದೆ. ದಿನ ಕಳೆದಂತೆ ಕೆಂಪು ತಾನೇ ಕರಗುತ್ತ ಹೋಗುವುದರಿಂದ, ಕೆಲವೇ ದಿನಗಳಲ್ಲಿ ಜನ ಆ ಬಣ್ಣವನ್ನು ನೋಡುವುದನ್ನೇ ಬಿಡುತ್ತಾರೆ. ಬೇಕಾಗಿರುವುದು ಹಿಂದಿನ ಸೋಮವಾರಗಳಲ್ಲಿ 11 ಗಂಟೆಯವರೆಗೆ ಆಗಿದ್ದ ಬಿಲ್ಲುಗಳ ಸರಾಸರಿ. ಅದು 185 ಎಂದಿದ್ದರೆ ಇಳಿಕೆ ಶೇ. 14. ರಾತ್ರಿ ಕಂಡ ಅದೇ ಇಳಿಕೆ ಬೆಳಿಗ್ಗೆಯೇ ಕಾಣುತ್ತದೆ, ಮಧ್ಯಾಹ್ನದ ಊಟಕ್ಕೆ ಎಷ್ಟು ಅಕ್ಕಿ ಹಾಕಬೇಕು ಎಂದು ಅಡುಗೆಯವರಿಗೆ ಹೇಳಲು ಸಮಯವೂ ಇರುತ್ತದೆ.

ಇದಕ್ಕೆ ಪ್ರತಿ ಬಿಲ್ಲಿನ ಹೊತ್ತು ದಾಖಲಾಗಿರಬೇಕು. ದಿನದ ಮೊತ್ತ ಮಾತ್ರ ಇಟ್ಟವರು ಹಗಲಿನಲ್ಲಿ ಬಾಣ ತೋರಿಸದಿರುವುದೇ ಸರಿ. ಅಂಕಿ ಮಾತ್ರ ತೋರಿಸಿ, ಹೋಲಿಕೆಯನ್ನು ಅಂಗಡಿ ಮುಚ್ಚಿದ ಮೇಲೆ ಮಾಡಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಎರಡನೆಯ ಕೌಂಟರಿನ ನೆಟ್‌ವರ್ಕ್ ಕೈಕೊಟ್ಟು 10.40ರ ನಂತರದ ಬಿಲ್ಲುಗಳು ಇನ್ನೂ ಬಂದಿಲ್ಲದಿದ್ದರೆ, ಗಡಿಯಾರದ 11 ಗಂಟೆಗೆ ಹೋಲಿಸಿದಾಗ ಇಲ್ಲದ ಇಳಿಕೆ ಕಾಣುತ್ತದೆ. ಎಲ್ಲ ಕೌಂಟರುಗಳ ಲೆಕ್ಕ ಎಷ್ಟು ಹೊತ್ತಿನವರೆಗೆ ಬಂದು ತಲುಪಿದೆಯೋ, ಹಿಂದಿನ ಸೋಮವಾರಗಳನ್ನೂ ಅಲ್ಲಿಗೇ ಕತ್ತರಿಸಬೇಕು. ಆಪ್ ನಿಮಗೆ ಯಾವ ಹೋಲಿಕೆ ತೋರಿಸುತ್ತಿದೆ ಎಂದು ತಿಳಿಯುವುದು ಕಷ್ಟವಿಲ್ಲ. ಬಾಗಿಲು ತೆರೆದ ಅರ್ಧ ಗಂಟೆಯಲ್ಲಿ ದಿನವೂ ಶೇ. 90 ಇಳಿಕೆ ಎನ್ನುತ್ತಿದ್ದರೆ ಅದು ಇಡೀ ದಿನದ ಜೊತೆ ತೂಗುತ್ತಿದೆ.

ಹಬ್ಬಗಳು ವಾರದ ತಾಳಕ್ಕೆ ಸಿಗುವುದಿಲ್ಲ. ವರಮಹಾಲಕ್ಷ್ಮಿ ವ್ರತ ಇದಕ್ಕೆ ಒಳ್ಳೆಯ ಉದಾಹರಣೆ, ಏಕೆಂದರೆ ಅದು ಬರುವುದೇ ಶುಕ್ರವಾರ. ಹೂವಿನ ಅಂಗಡಿಯೊಂದರಲ್ಲಿ ಮಾಮೂಲಿ ಶುಕ್ರವಾರ ನೂರು ಮಾರು ಹೂವು ಹೋಗಿ, ವ್ರತಕ್ಕೆ ಐನೂರು ಮಾರು ಹೋಯಿತು ಎಂದಿಟ್ಟುಕೊಳ್ಳಿ. ಆ ದಿನ ಬಾಣ ಹಸಿರಾಗುವುದು ಯಾರಿಗೂ ಹೊಸ ಸುದ್ದಿಯಲ್ಲ. ತೊಂದರೆ ಶುರುವಾಗುವುದು ಮುಂದಿನ ವಾರ. ನಾಲ್ಕು ನೂರು, ಒಂದು ಐನೂರು ಸೇರಿ ಸರಾಸರಿ 180ಕ್ಕೆ ಏರುತ್ತದೆ. ನೂರು ಮಾರು ಮಾರಿದ ಒಳ್ಳೆಯ ಶುಕ್ರವಾರವೂ ಐದು ವಾರ ಸತತವಾಗಿ ಶೇ. 44 ಇಳಿಕೆ ಎಂದು ಕಾಣುತ್ತದೆ. ಮಧ್ಯಾಂಕ ನೂರರಲ್ಲೇ ನಿಲ್ಲುತ್ತದೆ. ಹಬ್ಬದ ದಿನದ ಮಾರಾಟವನ್ನು ಮಾತ್ರ ಹೋದ ವರ್ಷದ ಅದೇ ಹಬ್ಬಕ್ಕೆ ಹೋಲಿಸಬೇಕು. ತಾರೀಖಿಗಲ್ಲ, ಹಬ್ಬಕ್ಕೆ, ಏಕೆಂದರೆ ತಾರೀಖು ವರ್ಷ ವರ್ಷ ಬದಲಾಗುತ್ತದೆ.

ಸಣ್ಣ ಅಂಕಿಗಳಲ್ಲಿ ಬಾಣವನ್ನೇ ನಂಬಬಾರದು. ಟೈಲರ್ ಅಂಗಡಿಗೆ ಐದು ಸೋಮವಾರಗಳಲ್ಲಿ 8, 15, 6, 11, 10 ಬಟ್ಟೆ ಬಂದಿದ್ದು ಇಂದು 7 ಬಂದರೆ, ಶೇ. 30 ಇಳಿಕೆ ಎಂದು ಕಾರ್ಡು ಹೇಳುತ್ತದೆ. ಆದರೆ 6ರಿಂದ 15ರವರೆಗೆ ಏರಿಳಿಯುವುದು ಆ ಅಂಗಡಿಯ ಸಹಜ ಸ್ವಭಾವ, 7 ಅದರೊಳಗೇ ಇದೆ. ದರ್ಶಿನಿಯ 352 ಹಾಗಲ್ಲ. 395ರಿಂದ 425ರ ನಡುವೆಯೇ ಇರುತ್ತಿದ್ದ ಸೋಮವಾರ ಆ ಗೆರೆಯಿಂದ ಹೊರಗೆ ಬಿದ್ದಿದೆ. ಇಂದಿನ ಅಂಕಿ ಈ ಕನಿಷ್ಠ–ಗರಿಷ್ಠಗಳ ಹೊರಗೆ ಹೋದಾಗ ಮಾತ್ರ ಬಣ್ಣ ಹಚ್ಚುವುದು ಒಳ್ಳೆಯದು.

ನಿನ್ನೆಯ ಹೋಲಿಕೆಯೇ ಸರಿಯಾಗುವ ಜಾಗಗಳೂ ಇವೆ. ಕೆಆರ್‌ಎಸ್ ಅಣೆಕಟ್ಟಿನ ನೀರಿನ ಮಟ್ಟಕ್ಕೆ ಸೋಮವಾರ, ಭಾನುವಾರ ಎಂಬುದಿಲ್ಲ. 124.80 ಅಡಿಯ ಪೂರ್ಣ ಮಟ್ಟದ ಕಡೆಗೆ ನಿನ್ನೆಯಿಂದ ಇಂದಿಗೆ ಎಷ್ಟು ಏರಿತು ಎಂಬುದೇ ಅಲ್ಲಿ ಮುಖ್ಯ, ಜೊತೆಗೆ ಕಳೆದ ವರ್ಷ ಇದೇ ದಿನ ಎಷ್ಟಿತ್ತು ಎಂಬುದು. ನಮ್ಮ ಪತ್ರಿಕೆಗಳು ಮಳೆಗಾಲದಲ್ಲಿ ಹಾಗೆಯೇ ಅಚ್ಚು ಹಾಕುತ್ತವೆ. ಗೋದಾಮಿನ ದಾಸ್ತಾನು, ಬ್ಯಾಂಕಿನ ಬಾಕಿಯಂತೆ ನಿನ್ನೆ ಉಳಿದದ್ದರ ಮೇಲೆಯೇ ಇಂದು ಶುರುವಾಗುವ ಲೆಕ್ಕಗಳಿಗೆ ನಿನ್ನೆಯೇ ಆಧಾರ. ಬಿಲ್ಲು, ಗಿರಾಕಿ, ಕರೆ, ಟಿಕೆಟ್‌ನಂತೆ ಪ್ರತಿ ಬೆಳಿಗ್ಗೆ ಸೊನ್ನೆಯಿಂದ ಎಣಿಸುವ ಲೆಕ್ಕಗಳಿಗೆ ವಾರದ ಅದೇ ದಿನ ಆಧಾರ. ಯಾವುದನ್ನು ಆರಿಸಿದರೂ ಬಾಣದ ಪಕ್ಕದ ಸಾಲು ಅದನ್ನು ಪೂರ್ತಿಯಾಗಿ ಹೇಳಬೇಕು: ‘ಕಳೆದ 5 ಸೋಮವಾರ, ಬೆಳಿಗ್ಗೆ 11ರವರೆಗೆ: 185’.