ಸಲಹೆಗಾರರಿಗೆ ಬರೆಯುವ ಕೃತಜ್ಞತಾ ಪತ್ರ

ಗ್ಯಾಸ್ ಖರ್ಚು ಇಳಿಸಲೆಂದು ಸಲಹೆಗಾರರನ್ನು ಕರೆಸುವ ಮಾಲಕ ಬಂಧುಗಳು ಈಗ ಕಡಿಮೆಯೇನಲ್ಲ. ಕೆಲಸ ಮುಗಿದಾಗ ಚೆಕ್ಕು ಕೊಟ್ಟು ಕೈಮುಗಿದರೆ ಆಯಿತೆಂದು ನಾವು ತಿಳಿಯುತ್ತೇವೆ. ಆದರೆ ಅವರಿಗೆ ಮುಂದಿನ ಕೆಲಸ ತಂದುಕೊಡುವುದು ನಾವು ಬರೆದುಕೊಡುವ ಒಂದು ಪುಟದ ಪತ್ರ. ನಾಳೆ ಇನ್ನೊಬ್ಬ ಮಾಲಕರು ಅದನ್ನೇ ನಂಬಿ ಹಣ ಹಾಕುತ್ತಾರೆ. ಆದ್ದರಿಂದ ಅದರಲ್ಲಿ ಬರೆಯುವ ಲೆಕ್ಕ ಸರಿ ಇರಬೇಕು.

ಒಂದು ಉದಾಹರಣೆ ನೋಡೋಣ. ಮಾರ್ಚ್‌ನಲ್ಲಿ 19 ಕಿಲೋದ 60 ಸಿಲಿಂಡರ್ ಉರಿದಿತ್ತು. ಬರ್ನರ್ ಬದಲಿಸಿ, ಜೆಟ್ ಶುಚಿ ಮಾಡಿ, ದೋಸೆ ಕಾವಲಿಯ ಉರಿಯನ್ನು ಆರ್ಡರ್ ಇಲ್ಲದಾಗ ತಗ್ಗಿಸುವ ಅಭ್ಯಾಸ ಮಾಡಿಸಿದ ಮೇಲೆ ಜುಲೈಯಲ್ಲಿ 51 ಆಯಿತು. ಶೇ. 15 ಉಳಿತಾಯ ಎಂದು ಬರೆದುಬಿಡುವ ಮೊದಲು ಗಲ್ಲಾದ ಬಿಲ್ಲುಗಳನ್ನು ಎಣಿಸಿರಿ. ಮಾರ್ಚ್‌ನಲ್ಲಿ 30,000 ಬಿಲ್ಲು, ಮಳೆಗಾಲದ ಜುಲೈಯಲ್ಲಿ 25,500 ಇದ್ದರೆ ಎರಡೂ ತಿಂಗಳು ಸಾವಿರ ಬಿಲ್ಲಿಗೆ 2 ಸಿಲಿಂಡರೇ ಆಯಿತು. ಇಳಿದದ್ದು ವ್ಯಾಪಾರ, ಗ್ಯಾಸ್ ಅಲ್ಲ. ಜುಲೈಯಲ್ಲೂ 30,000 ಬಿಲ್ಲು ಆಗಿದ್ದರೆ ಸಾವಿರಕ್ಕೆ 1.7 ಆಗುತ್ತದೆ. ಆಗ ಶೇ. 15 ಎಂದು ಧೈರ್ಯವಾಗಿ ಬರೆಯಬಹುದು. ಪಾತ್ರೆಯ ತಳಕ್ಕೆ ಮಸಿ ಹಿಡಿಯುವುದು ನಿಂತಿತೇ, ಉರಿ ಹಳದಿ ಬಿಟ್ಟು ನೀಲಿಯಾಯಿತೇ ಎಂಬುದನ್ನು ಭಟ್ಟರಲ್ಲಿ ಕೇಳಿ ಸೇರಿಸಿದರೆ ಇನ್ನೂ ಒಳ್ಳೆಯದು.

ಪತ್ರ ಹೀಗಿರಬಹುದು:

"ಮಾನ್ಯರೇ, ತಾವು ಏಪ್ರಿಲ್‌ನಿಂದ ಜೂನ್‌ವರೆಗೆ ನಮ್ಮ ಅಡುಗೆಮನೆಯ ಒಲೆಗಳ ಕೆಲಸ ಮಾಡಿಸಿಕೊಟ್ಟಿದ್ದೀರಿ. ಬಿಲ್ಲಿನ ಲೆಕ್ಕದಲ್ಲಿ ಮಾರ್ಚ್‌ಗಿಂತ ಜುಲೈಯಲ್ಲಿ ಗ್ಯಾಸ್ ಶೇ. 15 ಕಡಿಮೆ ಉರಿದಿದೆ. ಬೆಳಗಿನ ಗಡಿಬಿಡಿಯಲ್ಲೂ ನಮ್ಮ ಹುಡುಗರಿಗೆ ತಾಳ್ಮೆಯಿಂದ ಕಲಿಸಿದ್ದಕ್ಕೆ ನಾವು ಋಣಿಗಳು. ಚಪಾತಿ ತವೆಯ ಬರ್ನರ್ ಒಂದು ಬಾಕಿ ಇದೆ, ಆಗಸ್ಟ್ ಒಳಗೆ ಸರಿಪಡಿಸುವುದಾಗಿ ತಾವು ಒಪ್ಪಿದ್ದೀರಿ. ಎರಡನೇ ಶಾಖೆಯ ಅಡುಗೆಮನೆಯ ನಕ್ಷೆ ಮಾಡುವಾಗ ತಮ್ಮನ್ನೂ ಕರೆದು ಮಾತಾಡುತ್ತೇವೆ. ಕೆಲಸ ಮತ್ತು ದರ ಆಗ ಬೇರೆಯಾಗಿ ನಿಶ್ಚಯಿಸೋಣ. ಈ ಪತ್ರವನ್ನು ಬೇರೆ ಹೋಟೆಲಿನವರಿಗೆ ತೋರಿಸಲು ನಮ್ಮ ಒಪ್ಪಿಗೆ ಇದೆ."

ಬಿಲ್ಲುಗಳ ಸಂಖ್ಯೆ ಪತ್ರದಲ್ಲಿ ಇಲ್ಲವೆಂಬುದನ್ನು ಗಮನಿಸಿರಿ. ನಮ್ಮ ವ್ಯಾಪಾರ ಎಷ್ಟೆಂದು ಪಕ್ಕದ ಹೋಟೆಲಿನವರಿಗೆ ಯಾಕೆ ತಿಳಿಯಬೇಕು? ಬಾಕಿ ಕೆಲಸದ ಸಾಲನ್ನು ದಾಕ್ಷಿಣ್ಯಕ್ಕೆ ಬಿಟ್ಟು "ಎಲ್ಲ ಕೆಲಸ ತೃಪ್ತಿಕರವಾಗಿ ಮುಗಿದಿದೆ" ಎಂದು ಬರೆದವರು ಆಮೇಲೆ ಆ ಬರ್ನರಿಗೆ ಬೇರೆ ಹಣ ಕೊಡಬೇಕಾದೀತು. "ಮುಂದಿನ ಕೆಲಸ ನಿಮಗೇ" ಎಂಬ ಮಾತೂ ಹಾಗೆಯೇ, ದರ ಕೇಳುವ ಮೊದಲೇ ನಮ್ಮ ಕೈ ಕಟ್ಟಿಹಾಕುತ್ತದೆ. ಪತ್ರವನ್ನು ಕೊನೆಯ ಬಿಲ್ಲು ಚುಕ್ತಾ ಆದ ವಾರದಲ್ಲೇ ಲೆಟರ್‌ಹೆಡ್ಡಿನಲ್ಲಿ ಬರೆದು, ತಾರೀಕು ಹಾಕಿ, ಮಾಲಕರೇ ಸಹಿ ಮಾಡಿ ಕಳುಹಿಸಿರಿ. ಒಂದು ಪ್ರತಿ ಫೈಲಿನಲ್ಲಿರಲಿ.